ಐದು ರೂಪಾಯಿ ಪ್ಯಾಕೆಟ್ಟೂ ನಾಲಿಗೆಯ ಅಭ್ಯಾಸವೂ

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರೋರು ಒಳಗೆ ಬನ್ನಿ, ಕೊನೇ ಬೆಂಚು ಖಾಲಿ ಇದೆ. ನಿಮ್ಮ ಮಕ್ಕಳಿಗೂ ಆ ಬೆಂಚೇ ಇಷ್ಟ.

ಮಾರ್ಕ್ಸ್ ಕಾರ್ಡು ಆಮೇಲೆ ಕ್ಲಾಸ್ ಟೀಚರ್ ಕೊಡ್ತಾರೆ. ಮಕ್ಕಳು ತಿನ್ನೋ ಉಪ್ಪು, ಅದರಿಂದ ಏರೋ ಬಿಪಿ ಬಗ್ಗೆ ಮಾತಾಡೋಕೆ ಹೆಡ್‌ಮಾಸ್ತರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಟೀಚರಮ್ಮ ಗೋಣಿಚೀಲ ಹಿಡ್ಕೊಂಡು ಯಾಕೆ ಬಂದ್ರು ಅಂತ ಆಗಿಂದ ನೋಡ್ತಿದ್ದೀರಿ. ಇದರಲ್ಲಿರೋದು ಖಾಲಿ ಪ್ಯಾಕೆಟ್. ಏಳನೇ ಕ್ಲಾಸಿನವರಿಗೆ ದಶಮಾಂಶ ಹೇಳಿಕೊಡೋವಾಗ, ಒಂದು ವಾರ ನೀವು ತಿಂದದ್ದರ ಹಾಳೆ ಬಿಸಾಡಬೇಡಿ, ತನ್ನಿ ಅಂದೆ. ಮೂವತ್ತನಾಲ್ಕು ಮಕ್ಕಳು, ಐದು ದಿನ, ನೂರ ನಲವತ್ಮೂರು ಪ್ಯಾಕೆಟ್. ತಮ್ಮ ತಂಗಿ ತಿಂದದ್ದೂ ಒಂದಿಷ್ಟು ಸೇರಿರಬಹುದು, ಒಬ್ಬ ಹುಡುಗ ಅಪ್ಪ ತಿಂದದ್ದನ್ನೂ ತಂದಿದ್ದ. ಯಾರ ಅಪ್ಪ ಅಂತ ಹೇಳಲ್ಲ.

ಪ್ಯಾಕೆಟ್ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತೆ. ಅದರಲ್ಲಿ ‘ಸೋಡಿಯಂ’ ಅಂತ ಒಂದು ಸಾಲು. ಉಪ್ಪಿನಲ್ಲಿ ಬಿಪಿಗೆ ತೊಂದರೆ ಕೊಡೋ ಭಾಗ ಅದು. ಸೋಡಿಯಂ ಎಷ್ಟಿದೆಯೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ. ನಮ್ಮ ಮಕ್ಕಳು ಬೋರ್ಡ್ ಮೇಲೆ ಮಾಡಿದ ಲೆಕ್ಕವನ್ನೇ ಹೇಳ್ತೀನಿ. ಒಂದು ಚಿಪ್ಸ್ ಪ್ಯಾಕೆಟ್ ಮೇಲೆ 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಅಂತ ಇತ್ತು. ಪ್ಯಾಕೆಟ್ಟಿನ ತೂಕ 20 ಗ್ರಾಂ. ಅಂದ್ರೆ 160 ಮಿಲಿಗ್ರಾಂ. ದಿನಕ್ಕೆ ಎರಡು ತಿಂದರೆ 320. ಸಂಜೆ ಮನೇಲಿ ಒಂದು ನೂಡಲ್ಸ್: 70 ಗ್ರಾಂ ಪ್ಯಾಕೆಟ್, ಅದರಲ್ಲಿ 770 ಮಿಲಿಗ್ರಾಂ. ಎರಡೂ ಕೂಡಿಸಿ ಎರಡೂವರೆಯಿಂದ ಗುಣಿಸಿದರೆ ಹತ್ತಿರ ಹತ್ತಿರ ಎರಡೂಮುಕ್ಕಾಲು ಗ್ರಾಂ ಉಪ್ಪು.

ಅದೇನು ಮಹಾ ಅಂತೀರಾ? ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ತಲೆ ಸವರಿದ ಒಂದು ಟೀ ಚಮಚ, ಅಷ್ಟೆ. ಮಕ್ಕಳಿಗೆ ಅದಕ್ಕಿಂತ ಕಡಿಮೆ, ಅವರು ತಿನ್ನೋ ಊಟದ ಅಳತೆಗೆ ತಕ್ಕ ಹಾಗೆ. ಇನ್ನೂ ಬೆಳಗಿನ ತಿಂಡಿ, ಮಧ್ಯಾಹ್ನದ ಸಾಂಬಾರು, ರಾತ್ರಿ ಊಟ, ಪಕ್ಕದಲ್ಲಿ ಉಪ್ಪಿನಕಾಯಿ ಯಾವುದೂ ಲೆಕ್ಕಕ್ಕೆ ಬಂದಿಲ್ಲ. ಆಗಲೇ ಅರ್ಧಕ್ಕಿಂತ ಜಾಸ್ತಿ ಖರ್ಚಾಯ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನಾನೂ ಚಿಪ್ಸೇ ದೊಡ್ಡ ಕಳ್ಳ ಅಂದ್ಕೊಂಡಿದ್ದೆ. ಲೆಕ್ಕ ಮಾಡಿದಾಗ ನೂಡಲ್ಸ್ ಜೊತೆ ಬರೋ ಆ ಪುಟ್ಟ ಮಸಾಲೆ ಚೀಟಿಯೇ ಮುಂದಿತ್ತು. ಸಿಹಿ ಬಿಸ್ಕತ್ತು, ಬ್ರೆಡ್ಡಿನಲ್ಲೂ ಸೋಡಿಯಂ ಇದೆ, ನಾಲಿಗೆಗೆ ಗೊತ್ತಾಗಲ್ಲ. ಇನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿಂತಾರಲ್ಲ ಹಳದಿ ಬೋಟಿ, ಕೆಲವು ಪ್ಲಾಸ್ಟಿಕ್ ಕವರಿನಲ್ಲಿ ಬರೀ ಪಿನ್ ಹೊಡೆದಿರುತ್ತೆ. ಅದರ ಮೇಲೆ ಪಟ್ಟಿಯೂ ಇಲ್ಲ, ತಾರೀಕೂ ಇಲ್ಲ. ಅಂಥವು ಇಪ್ಪತ್ತಾರು ಸಿಕ್ಕವು. ಅವುಗಳ ಲೆಕ್ಕ ಬೋರ್ಡ್ ಮೇಲೆ ಬರಲೇ ಇಲ್ಲ.

ಈಗ ಉಪ್ಪು ಒಳಗೆ ಹೋಗಿ ಏನು ಮಾಡುತ್ತೆ? ಮಳೆಗಾಲದಲ್ಲಿ ನಿಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿ, ಗಾಳಿಯಲ್ಲಿರೋ ನೀರನ್ನು ಎಳ್ಕೊಂಡು ಒದ್ದೆ ಆಗಿರುತ್ತೆ. ಮೈಯೊಳಗೂ ಉಪ್ಪು ಎಲ್ಲಿರುತ್ತೋ ಅಲ್ಲಿ ನೀರನ್ನು ಹಿಡ್ಕೊಳ್ಳುತ್ತೆ. ರಕ್ತನಾಳದಲ್ಲಿ ಹರಿಯೋದು ಜಾಸ್ತಿ ಆಗುತ್ತೆ, ನಾಳ ಅಷ್ಟೇ ಇರುತ್ತೆ. ಬೋರ್‌ವೆಲ್ ಇರೋರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಪೈಪಿಗೆ ಮೀರಿ ನೀರು ನೂಕಿದರೆ ಮೊದಲ ದಿನವೇ ಒಡೆಯಲ್ಲ, ಜಾಯಿಂಟು ನಿಧಾನಕ್ಕೆ ಸಡಿಲ ಆಗುತ್ತೆ. ಹೆಚ್ಚಾದ ಉಪ್ಪನ್ನು ಹೊರಗೆ ಹಾಕೋದು ಕಿಡ್ನಿ ಕೆಲಸ. ದಿನಾ ಹೊರೆ ಹೊರಿಸಿದರೆ ಅದಕ್ಕೂ ಕಷ್ಟ.

‘ಮಗುಗೆಂಥ ಬಿಪಿ ಟೀಚರ್’ ಅಂತ ಹೋದ ವಾರ ಒಬ್ಬ ಅಜ್ಜಿ ನಕ್ಕರು. ಇವತ್ತೂ ಮುಂದೆ ಕೂತು ನಗ್ತಿದ್ದಾರೆ. ಅಜ್ಜಿ, ಮಕ್ಕಳಿಗೂ ಬಿಪಿ ಬರುತ್ತೆ. ತಲೆನೋವು, ತಲೆಸುತ್ತು ಏನೂ ಇಲ್ಲದೆಯೇ ಇರುತ್ತೆ, ಅದೇ ತೊಂದರೆ. ಚಿಕ್ಕಂದಿನಲ್ಲಿ ತನ್ನ ವಯಸ್ಸಿನವರಿಗಿಂತ ಬಿಪಿ ಮೇಲಿದ್ದ ಮಗು ದೊಡ್ಡದಾದ ಮೇಲೂ ಮೇಲೇ ಇರೋ ಸಾಧ್ಯತೆ ಹೆಚ್ಚು. 1980ರ ಸುಮಾರಿಗೆ ನೆದರ್‌ಲೆಂಡ್ಸ್ ದೇಶದಲ್ಲಿ ಒಂದು ಪರೀಕ್ಷೆ ಮಾಡಿದರು. ಹತ್ತಿರ ಹತ್ತಿರ ಐನೂರು ಎಳೆಗೂಸು. ಕೆಲವಕ್ಕೆ ಮೊದಲ ಆರು ತಿಂಗಳು ಉಪ್ಪು ಕಡಿಮೆ ಇರೋ ಆಹಾರ, ಉಳಿದವಕ್ಕೆ ಮಾಮೂಲಿ. ಆರು ತಿಂಗಳಿಗೆ ಉಪ್ಪು ಕಡಿಮೆ ತಿಂದವರ ಬಿಪಿ ಎರಡು ಪಾಯಿಂಟು ಕೆಳಗಿತ್ತು. ಹದಿನೈದು ವರ್ಷ ಆದ ಮೇಲೆ ಅದೇ ಮಕ್ಕಳಲ್ಲಿ ಸಿಕ್ಕಷ್ಟು ಜನರನ್ನು ಹಿಡಿದು ಮತ್ತೆ ನೋಡಿದರು. ಆಗಲೂ ಕೆಳಗೇ ಇತ್ತು, ಮೂರೂವರೆ ಪಾಯಿಂಟು. ಅದಕ್ಕೇ ಮನೇಲಿ ವರ್ಷ ತುಂಬದ ಕೂಸಿದ್ದರೆ ಅದರ ರಾಗಿ ಗಂಜಿಗೆ, ಅನ್ನದ ತಿಳಿಗೆ ಉಪ್ಪು ಹಾಕಬೇಡಿ. ಸಪ್ಪೆ ಅನ್ಸೋದು ನಿಮಗೆ, ಕೂಸಿಗಲ್ಲ. ಉಪ್ಪಿನ ರುಚಿ ಇನ್ನೂ ಅದಕ್ಕೆ ಯಾರೂ ಕಲಿಸಿಲ್ಲ.

ನಾನು ಮುಖ್ಯವಾಗಿ ಹೇಳಬೇಕು ಅಂತಿರೋದೂ ಇದನ್ನೇ. ನಾಲಿಗೆಗೂ ಪಾಠ ಇದೆ. ಅ ಆ ಇ ಈ ನಾವು ಕಲಿಸ್ತೀವಿ, ನಾಲಿಗೆಯ ಪಾಠ ಮನೇಲೂ ಅಂಗಡೀಲೂ ಆಗುತ್ತೆ. ಅಳ್ತಿದೆ, ಐದು ರೂಪಾಯಿ ಕೊಡು. ಸ್ಕೂಲಿಗೆ ಹೋಗಲ್ಲ ಅಂತು, ಐದು ರೂಪಾಯಿ ಕೊಡು. ಫೋನ್ ಕಿತ್ಕೊಂಡ್ವಿ, ಸಮಾಧಾನಕ್ಕೆ ಒಂದು ಪ್ಯಾಕೆಟ್. ನಾವೇನು ಕಮ್ಮಿ ಇಲ್ಲ. ಹೋದ ವರ್ಷದವರೆಗೆ ಕ್ವಿಜ್‌ನಲ್ಲಿ ಗೆದ್ದೋರಿಗೆ ನಾನೇ ಚಿಪ್ಸ್ ಕೊಡ್ತಿದ್ದೆ. ಸ್ಟಾಫ್ ರೂಮಿನಲ್ಲಿ ಟೀ ಜೊತೆ ಖಾರಾ ಮಿಕ್ಸ್ಚರ್ ಈಗಲೂ ಬರುತ್ತೆ. ಹೆಡ್‌ಮಾಸ್ತರು ಕೇಳಿಸ್ಕೊಂಡ್ರು ಅನ್ಸುತ್ತೆ.

ಇನ್ನು ನೀವೆಲ್ಲ ಹೇಳೋ ಮಾತು: ‘ಊಟಾನೇ ಮಾಡಲ್ಲ ಟೀಚರ್, ಅದಾದ್ರೂ ತಿನ್ಲಿ ಅಂತ ಕೊಡಿಸ್ತೀನಿ.’ ಇದನ್ನು ಸ್ವಲ್ಪ ತಿರುಗಿಸಿ ನೋಡಿ. ನಾಲ್ಕೂವರೆಗೆ ಬೆಲ್ ಹೊಡೆಯುತ್ತೆ, ಐದು ಗಂಟೆಗೆ ಪ್ಯಾಕೆಟ್, ಬಾಯಿ ಒಣಗಿತು ಅಂತ ಬಣ್ಣದ ಜ್ಯೂಸು, ಆಮೇಲೆ ಟಿವಿ ಮುಂದೆ. ಏಳೂವರೆಗೆ ಮುದ್ದೆ ಮುಂದಿಟ್ಟರೆ ಯಾರಿಗೆ ಹಸಿವಿರುತ್ತೆ? ಊಟ ಬಿಟ್ಟಿದ್ದಕ್ಕೆ ಪ್ಯಾಕೆಟ್ ಅಲ್ಲ, ಪ್ಯಾಕೆಟ್ ತಿಂದಿದ್ದಕ್ಕೆ ಊಟ ಬಿಟ್ಟಿರೋದು. ಉಪ್ಪು ಬಾಯಾರಿಸುತ್ತೆ, ಬಾಯಾರಿಕೆ ಸಕ್ಕರೆ ನೀರು ಕುಡಿಸುತ್ತೆ, ಅದು ತೂಕ ಏರಿಸುತ್ತೆ, ತೂಕ ಏರಿದ ಮಗುವಿನ ಬಿಪಿ ಮತ್ತೆ ಏರುತ್ತೆ. ಹೀಗೆ ಒಂದಕ್ಕೊಂದು ಕೈ ಹಿಡ್ಕೊಂಡು ಬರ್ತವೆ. ಬೆಲ್ ಹೊಡೆದ ತಕ್ಷಣ ಹಸಿವಾಗೋದು ನಿಜ. ಆ ಹೊತ್ತಿಗೆ ಒಂದು ಬಾಳೆಹಣ್ಣು, ಬೇಯಿಸಿದ ಶೇಂಗಾ, ಮಧ್ಯಾಹ್ನದ ರೊಟ್ಟಿಗೆ ಮೊಸರು, ಏನಾದರೂ ಕಣ್ಣಿಗೆ ಕಾಣೋ ಹಾಗೆ ಇಟ್ಟಿರಿ. ಹಣ್ಣು, ಸೊಪ್ಪು, ಎಳನೀರಿನಲ್ಲಿ ಪೊಟ್ಯಾಸಿಯಂ ಇರುತ್ತೆ, ಮೈಯಲ್ಲಿ ಹೆಚ್ಚಾದ ಸೋಡಿಯಂ ಹೊರಗೆ ಹೋಗೋಕೆ ಅದು ನೆರವಾಗುತ್ತೆ.

ಹಾಗಂತ ದಾವಣಗೆರೆ ಜಿಲ್ಲೆಯಲ್ಲಿ ನಿಂತು ಮಂಡಕ್ಕಿ ಬಿಡಿ ಅನ್ನೋ ಧೈರ್ಯ ನನಗಿಲ್ಲ. ಸಂತೆ ದಿನ ಮಂಡಕ್ಕಿ ಮಿರ್ಚಿ ತಿನ್ನದೆ ನಾನೂ ಮನೆಗೆ ಹೋಗಲ್ಲ. ಆದರೆ ಭಟ್ಟಿಯಲ್ಲಿ ಹುರಿಯೋ ಮುಂಚೆಯೇ ಅಕ್ಕಿಗೆ ಉಪ್ಪು ಹಾಕಿರ್ತಾರೆ. ಮನೇಲಿ ಒಗ್ಗರಣೆ ಮಾಡೋವಾಗ ಮತ್ತೆ ಉಪ್ಪು ಉದುರಿಸಬೇಡಿ, ನಿಂಬೆಹಣ್ಣು ಹಿಂಡಿ, ಈರುಳ್ಳಿ ಕೊತ್ತಂಬರಿ ಜಾಸ್ತಿ ಹಾಕಿ. ಮಿರ್ಚಿ ಹಿಟ್ಟಿಗೆ ಹಾಕೋ ಅಡುಗೆ ಸೋಡಾ, ಹಪ್ಪಳಕ್ಕೆ ಹಾಕೋ ಸೋಡಾ ಖಾರ ಇವೆಲ್ಲ ಸೋಡಿಯಮ್ಮೇ. ಬಿಳಿ ಉಪ್ಪು ಬಿಟ್ಟು ಗುಲಾಬಿ ಉಪ್ಪು ತಂದ್ವಿ ಅಂತ ಇಬ್ಬರು ಹೇಳಿದರು. ಬಣ್ಣ ಬೇರೆ, ಒಳಗಿರೋದು ಅದೇ. ಅಯೋಡಿನ್ ಇರೋ ಉಪ್ಪೇ ಇರಲಿ, ಮಕ್ಕಳ ಬುದ್ಧಿ ಬೆಳವಣಿಗೆಗೆ ಅದು ಬೇಕು. ಕಡಿಮೆ ಮಾಡಬೇಕಾದದ್ದು ಅಳತೆ.

ಅದನ್ನೂ ಒಂದೇ ದಿನಕ್ಕೆ ಮಾಡಬೇಡಿ, ತಟ್ಟೆ ಹಾರುತ್ತೆ. ನನಗೆ ಮೂರು ವರ್ಷದ ಹಿಂದೆ ಬಿಪಿ ಮಾತ್ರೆ ಶುರುವಾದಾಗ ಸಾರಿನ ಉಪ್ಪು ಇಳಿಸಿದೆ. ನಮ್ಮ ಯಜಮಾನರು ಮೂರು ವಾರ ಮುಖ ಗಂಟು ಹಾಕ್ಕೊಂಡೇ ಉಂಡರು. ಈಗ ಮದುವೆ ಊಟಕ್ಕೆ ಹೋದರೆ ಅವರೇ ‘ಏನಿದು, ಉಪ್ಪು ಸುರಿದಿದ್ದಾರೆ’ ಅಂತಾರೆ. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತೆ. ಐವತ್ತೈದು ವರ್ಷದ ನಾಲಿಗೆಯೇ ಕಲಿತರೆ ಒಂಬತ್ತರದ್ದು ಕಲಿಯಲ್ವಾ?

ಬಿಪಿ ನೋಡಿಸೋ ವಿಷಯ. ನಾನು ಡಾಕ್ಟರಲ್ಲ, ಇಷ್ಟು ಮಾತ್ರ ಗೊತ್ತು: ಮೂರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ನೋಡಿಸೋದು ಒಳ್ಳೆಯದು. ಮನೇಲಿ ಬಿಪಿ ಇರೋರಿದ್ದರೆ, ಮಗು ದಪ್ಪ ಇದ್ದರೆ, ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಕಿಡ್ನಿ ತೊಂದರೆ ಇದ್ದರೆ ಮರೆಯಲೇಬೇಡಿ. ತೋಳಿಗೆ ಸುತ್ತೋ ಪಟ್ಟಿ ಮಕ್ಕಳ ಅಳತೆಯದ್ದೇ ಇರಬೇಕು, ದೊಡ್ಡವರದ್ದು ಸುತ್ತಿದರೆ ತಪ್ಪು ತೋರಿಸುತ್ತೆ. ಹದಿಮೂರಕ್ಕಿಂತ ಚಿಕ್ಕವರಿಗೆ 120/80 ಅನ್ನೋ ನಮ್ಮ ಲೆಕ್ಕ ನಡೆಯಲ್ಲ. ವಯಸ್ಸು, ಎತ್ತರ, ಹುಡುಗನೋ ಹುಡುಗಿಯೋ ಅಂತ ನೋಡಿ ಡಾಕ್ಟರು ಪಟ್ಟಿ ತೆಗೆದು ಹೇಳ್ತಾರೆ. ಒಂದು ಸಲ ಜಾಸ್ತಿ ಬಂತು ಅಂತ ಗಾಬರಿ ಬೇಡ, ಬೇರೆ ಬೇರೆ ದಿನ ಮೂರು ಸಲ ನೋಡಿಯೇ ತೀರ್ಮಾನಿಸೋದು. ಯಾರದೋ ಮನೆಯ ಮಾತ್ರೆ ಮಾತ್ರ ಕೊಡಬೇಡಿ.

ಶಾಲೆ ಕಡೆಯಿಂದ ಎರಡು ಬದಲಾವಣೆ. ಹುಟ್ಟುಹಬ್ಬಕ್ಕೆ ಇಡೀ ಕ್ಲಾಸಿಗೆ ಪ್ಯಾಕೆಟ್ ಹಂಚೋದು ಸೋಮವಾರದಿಂದ ಬೇಡ. ಒಂದು ಗೊನೆ ಬಾಳೆಹಣ್ಣು ತನ್ನಿ, ಚಿಕ್ಕಿ ತನ್ನಿ, ಏನೂ ತರದಿದ್ದರೂ ನಾವೇ ಹಾಡಿ ಚಪ್ಪಾಳೆ ಹೊಡೀತೀವಿ. ಇನ್ನೊಂದು, ಗೇಟಿನ ಎದುರಿನ ಅಂಗಡಿ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರೋ ತಿಂಡಿಯನ್ನು ಶಾಲೆ ಗೇಟಿಂದ 50 ಮೀಟರ್ ಒಳಗೆ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಅಂಗಡಿ ಅಣ್ಣನೂ ಇಲ್ಲೇ ಕೂತಿದ್ದಾರೆ, ಅವರ ಮಗಳು ನನ್ನದೇ ಕ್ಲಾಸು. ಅವರ ಜೊತೆ ಮಾತಾಡಿದೀವಿ. ಹೊಟ್ಟೆಪಾಡು ಅವರಿಗೂ ಇದೆ. ಸಾಲಾಗಿ ನೇತು ಹಾಕಿರೋ ಸರಗಳನ್ನು ಇಳಿಸಿ ಹುರಿಗಡಲೆ, ಶೇಂಗಾ, ಹಣ್ಣು ಮುಂದಿಡ್ತೀನಿ ಅಂದಿದ್ದಾರೆ. ನಾವು ಅಲ್ಲೇ ಕೊಂಡರೆ ಅವರೂ ಉಳಿದಾರು.

ಮಕ್ಕಳನ್ನು ಇವತ್ತು ಮನೆಗೆ ಹೋಗಿ ಬೈಯಬೇಡಿ. ಹಾಳೆ ತಂದದ್ದು ನಾನು ಕೇಳಿದ್ದಕ್ಕೆ. ಬೈದರೆ ಮುಂದಿನ ಸಲ ಒಂದೂ ತರಲ್ಲ, ನನ್ನ ದಶಮಾಂಶವೂ ಹೋಗುತ್ತೆ.

ನನ್ನ ಹದಿನೈದು ನಿಮಿಷ ಮುಗೀತು. ವರಾಂಡದಲ್ಲಿ ಬಿಸಿಯೂಟದ ಅಕ್ಕಂದಿರು ಎರಡು ಪಾತ್ರೆ ಮಜ್ಜಿಗೆ ಮಾಡಿಟ್ಟಿದ್ದಾರೆ. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಎರಡಕ್ಕೂ ಒಂದೇ ಸಮ. ಒಂದಕ್ಕೆ ಮಾತ್ರ ಉಪ್ಪು ಅರ್ಧ. ಯಾವುದು ಅಂತ ಯಾರಿಗೂ ಹೇಳಬೇಡಿ ಅಂತ ಅಕ್ಕಂದಿರಿಗೆ ಹೇಳಿದೀನಿ. ಎರಡೂ ಕುಡಿದು, ಯಾವುದಕ್ಕೆ ಕಡಿಮೆ ಅನ್ಸುತ್ತೋ ಆ ಪಾತ್ರೆ ಮುಂದಿರೋ ಡಬ್ಬಿಗೆ ಒಂದು ಹುಣಸೆಬೀಜ ಹಾಕಿ. ಬೀಜ ಎಣಿಸೋಕೆ ಏಳನೇ ಕ್ಲಾಸಿನವರು ಕಾಯ್ತಿದ್ದಾರೆ. ಅಜ್ಜಿ, ನೀವು ಮೊದಲು ಬನ್ನಿ.