ಹೆಬ್ಬಂಡೆ ಸಿಮೆಂಟ್: ಕೊಟ್ಟ ಮಾತೂ ಗಟ್ಟಿ, ಕಟ್ಟಿದ ಮನೆಯೂ ಗಟ್ಟಿ

ಸ್ವಂತ ಮನೆ ಕಟ್ಟಿಸುತ್ತಿರುವವರಿಗೆ, ಮೊದಲ ಲೋಡಿನ ಜೊತೆ ಕೊಡುವ ಕೈಪತ್ರ

ನಾವು ಕೊಡುವ ಮಾತು ಮೂರು. ಮೂಟೆಯಲ್ಲಿ ಪೂರ್ತಿ 50 ಕಿಲೋ ಇರುತ್ತದೆ, ಅನುಮಾನವಿದ್ದರೆ ಅಂಗಡಿಯಲ್ಲೇ ತೂಗಿಸಿ. ತುಂಬಿದ್ದು ಯಾವಾಗ ಎಂಬುದು ಮೂಟೆಯ ಮೇಲೇ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದನ್ನು ಇಳಿಸಿಕೊಳ್ಳಬೇಡಿ. ಇಳಿಸಿದ ದಿನ ಬಿಚ್ಚಿದ ಮೂಟೆಯಲ್ಲಿ ಗಂಟು ಕಂಡರೆ ಬೆರಳಲ್ಲಿ ಹಿಸುಕಿ. ಪುಡಿಯಾದರೆ ಅದು ಮೇಲಿನ ಮೂಟೆಗಳ ಭಾರಕ್ಕೆ ಅದುಮಿದ್ದು, ಚಿಂತೆಯಿಲ್ಲ. ಕಲ್ಲಿನಂತೆ ಕೂತಿದ್ದರೆ ತೇವ ಕುಡಿದಿದೆ ಎಂದರ್ಥ. ಅದನ್ನು ವಾಪಸ್ ತೆಗೆದುಕೊಂಡು ಹೊಸ ಮೂಟೆ ಕೊಡುತ್ತೇವೆ.

ಬಣ್ಣ ನೋಡಿ ಮರುಳಾಗಬೇಡಿ. ಕಪ್ಪಗಿದ್ದರೆ ಗಟ್ಟಿ, ಬೆಳ್ಳಗಿದ್ದರೆ ಸಪ್ಪೆ ಅನ್ನುವುದೆಲ್ಲ ಬರೀ ಮಾತು. ನಮ್ಮದೂ ಒಂದೊಂದು ಸಲ ಒಂದೊಂದು ಛಾಯೆಯಲ್ಲಿ ಬರುತ್ತದೆ.

ಇನ್ನು ಮನೆಯ ಗಟ್ಟಿತನ. ಅದರಲ್ಲಿ ನಮ್ಮ ಪಾಲು ಮೂಟೆ ಬಿಚ್ಚುವವರೆಗೆ ಮಾತ್ರ. ಆಮೇಲಿನದನ್ನು ನೀರು ತೀರ್ಮಾನಿಸುತ್ತದೆ.

ಮೌಲ್ಡ್ ಹಾಕುವ ದಿನ ಗಮನಿಸಿ. ಮಾಲು ಬಿಗಿಯಾಗಿದ್ದರೆ ಬಾಂಡ್ಲಿಯಿಂದ ಸುರಿಯುವುದಕ್ಕೂ ಎಳೆಯುವುದಕ್ಕೂ ಕಷ್ಟ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬರು ಇನ್ನೊಂದು ಬಕೆಟ್ ನೀರು ಸುರಿದಿರುತ್ತಾರೆ. ಮಾಲು ಪಾಯಸದಂತೆ ಹರಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಹೆಚ್ಚಾದ ನೀರು ಒಣಗಿ ಹೋದ ಮೇಲೆ ಅದು ಇದ್ದ ಜಾಗವೆಲ್ಲ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ತಾರಸಿ ಸೋರುವುದು, ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದು ಅಲ್ಲಿಂದಲೇ ಶುರು. ಒಂದು ಮೂಟೆಗೆ ಸುಮಾರು 25 ಲೀಟರ್ ನೀರು ಸಾಕು, 30 ದಾಟಲೇಬಾರದು. ಮರಳು ಹಸಿಯಾಗಿದ್ದರೆ ಅದರಲ್ಲೇ ನೀರಿದೆ, ಇನ್ನೂ ಕಡಿಮೆ ಹಾಕಿ. ಗುರುತು ಹಾಕಿದ ಬಕೆಟ್ ಒಂದನ್ನು ಮಿಕ್ಸರ್ ಪಕ್ಕದಲ್ಲಿಡಿ. ಪೈಪು ಮಾತ್ರ ಬೇಡ.

ಅಳತೆಗೆ ಪೆಟ್ಟಿಗೆ ಮಾಡಿಸಿ. ಒಳಗಡೆ 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರ ಇರಲಿ. ಒಂದು ಮೂಟೆ ಸಿಮೆಂಟಿನ ಗಾತ್ರ ಅಷ್ಟೇ. ತಾರಸಿಗೆ, ಕಂಬಕ್ಕೆ ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ನಿಮ್ಮ ಇಂಜಿನಿಯರ್ ಬೇರೆ ಅಳತೆ ಬರೆದುಕೊಟ್ಟಿದ್ದರೆ ಅದೇ ನಡೆಯಲಿ. ಬಾಂಡ್ಲಿ ಲೆಕ್ಕ ಬೇಡ, ಬೆಳಗಿನ ಬಾಂಡ್ಲಿಗೂ ಸಂಜೆಯ ಬಾಂಡ್ಲಿಗೂ ತುಂಬ ಅಂತರ.

ಸಿಮೆಂಟ್ ಮಾರುವ ನಾವೇ ಹೇಳುತ್ತಿದ್ದೇವೆ: ಜಾಸ್ತಿ ಸಿಮೆಂಟ್ ಹಾಕಿದರೆ ಜಾಸ್ತಿ ಗಟ್ಟಿಯಾಗುವುದಿಲ್ಲ. ಗಿಲಾವಿಗಂತೂ ಅದು ಶತ್ರು, ಒಣಗುವಾಗ ಸೆಳೆದುಕೊಂಡು ಬಿರುಕು ಬಿಡುತ್ತದೆ. ಒಳಗೋಡೆಗೆ ಒಂದಕ್ಕೆ ಆರು ಮರಳು, ಮಳೆ ಬಡಿಯುವ ಹೊರಗೋಡೆಗೆ ಒಂದಕ್ಕೆ ನಾಲ್ಕು. ನುಣುಪು ಬರಲೆಂದು ಹಸಿ ಗಿಲಾವಿನ ಮೇಲೆ ಒಣ ಸಿಮೆಂಟ್ ಉದುರಿಸಲು ಬಿಡಬೇಡಿ. ಜೇಡರ ಬಲೆಯಂತೆ ಕೂದಲೆಳೆ ಬಿರುಕು ಏಳುವುದು ಅದರಿಂದಲೇ.

ಕಲಸುವಾಗ ನೀರು ಕಡಿಮೆ, ಹಾಕಿದ ಮೇಲೆ ನೀರು ಧಾರಾಳ. ಮೌಲ್ಡ್ ಬಿಗಿದ ಮೇಲೆ, ಮಾರನೇ ದಿನವೇ ತಾರಸಿಯ ಮೇಲೆ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ. ಕಂಬಗಳಿಗೆ ಗೋಣಿತಾಟು ಸುತ್ತಿ ಸದಾ ಒದ್ದೆಯಾಗಿಡಿ. ಹತ್ತು ದಿನಕ್ಕೆ ಕಡಿಮೆ ಬೇಡ, ಹದಿನಾಲ್ಕಾದರೆ ಒಳ್ಳೆಯದು. ಬೆಳಗ್ಗೆ ಒಮ್ಮೆ ನೆನೆಸಿ ಮಧ್ಯಾಹ್ನ ಒಣಗಲು ಬಿಟ್ಟರೆ ಮೇಲ್ಪದರ ಪುಡಿಪುಡಿಯಾಗುತ್ತದೆ, ಅಂಗೈ ಸವರಿದರೆ ಬೂದಿ ಮೆತ್ತಿದಂತೆ ಕಾಣುತ್ತದೆ. ಆಧಾರದ ಕಂಬಗಳನ್ನು ಮೇಸ್ತ್ರಿಯ ಆತುರಕ್ಕೆ ಬಿಚ್ಚಬೇಡಿ, ಯಾವತ್ತು ಬಿಚ್ಚಬೇಕೆಂದು ಇಂಜಿನಿಯರ್ ಹೇಳಲಿ.

ಮೂಟೆ ಇಡುವ ಜಾಗ: ನೆಲದಿಂದ ಒಂದು ಗೇಣು ಎತ್ತರಕ್ಕೆ ಹಲಗೆ, ಗೋಡೆಯಿಂದ ಎರಡು ಅಡಿ ದೂರ, ಒಂದರ ಮೇಲೊಂದು ಹತ್ತಕ್ಕಿಂತ ಹೆಚ್ಚಿಲ್ಲ, ಮೇಲೆ ಟಾರ್ಪಾಲು. ಮೊದಲು ಬಂದದ್ದನ್ನು ಮೊದಲು ಬಳಸಿ.

ಮೂಟೆಯ ಹಿಂಬದಿಯಲ್ಲಿ:
ಹೆಬ್ಬಂಡೆ. ಕೊಟ್ಟ ಮಾತೂ ಗಟ್ಟಿ, ಕಟ್ಟಿದ ಮನೆಯೂ ಗಟ್ಟಿ.
ಒಂದು ಮೂಟೆಗೆ ನೀರು 25 ಲೀಟರ್. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಹಾಕಿ ಮುಗಿಸಿ. ಬಿಗಿದ ಮಾಲಿಗೆ ನೀರು ಬೆರೆಸಿ ಮತ್ತೆ ಕಲಸಬೇಡಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಕಣ್ಣಿಗೆ ಬಿದ್ದರೆ ತಕ್ಷಣ ಶುದ್ಧ ನೀರಲ್ಲಿ ತೊಳೆದು ವೈದ್ಯರ ಬಳಿ ಹೋಗಿ.