ಶುಶ್ರೂಷಾ ಟಿಪ್ಪಣಿ: ಹಾಸಿಗೆ 7, ಸಿಗ್ಮಾಯ್ಡ್ ಕರುಳಿನ ಶಸ್ತ್ರಕ್ರಿಯೆ

ಮಹಿಳೆ, 61 ವರ್ಷ, 54 ಕಿಲೋ. ಬದಿಯಡ್ಕ ಕಡೆಯವರು, ಮನೆಮಾತು ಕನ್ನಡ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆ. ಯಾವ ಔಷಧಿಗೂ ಅಲರ್ಜಿ ಇಲ್ಲ. ದಿನಾಂಕ 14.10.2025.

ಬೆಳಿಗ್ಗೆ 6.40, ವಾರ್ಡ್

ಕೈಪಟ್ಟಿ, ಕಡತ, ರೋಗಿ ಹೇಳಿದ ಹೆಸರು ಮೂರೂ ತಾಳೆಯಾಗಿವೆ. ಒಪ್ಪಿಗೆ ಪತ್ರ ಮಲಯಾಳದಲ್ಲಿದೆ, ಹೆಬ್ಬೆಟ್ಟೂ ಬಿದ್ದಿದೆ. ಆದರೆ ಏನು ಶಸ್ತ್ರಕ್ರಿಯೆ ಎಂದು ಕೇಳಿದರೆ ‘ಹೊಟ್ಟೆಯ ಗಡ್ಡೆ ತೆಗೆಯುತ್ತಾರಂತೆ’ ಎಂದಷ್ಟೇ ಹೇಳಿದರು. ಕರುಳನ್ನು ಹೊರಗೆ ತಂದು ಚೀಲ ಕಟ್ಟಬೇಕಾಗಬಹುದು ಎಂಬುದು ಅವರಿಗೆ ಗೊತ್ತೇ ಇಲ್ಲ. ಇಂಥ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಗುರುತು ಹಾಕಲು ಆಗುವುದಿಲ್ಲ. ಸರ್ಜನ್ ಬಂದು ವಿವರಿಸಿದರು, ನಾನು ಕನ್ನಡದಲ್ಲಿ ಹೇಳಿದೆ. ಮಗಳ ಎದುರಿನಲ್ಲಿ ಹೊಸದಾಗಿ ಒಪ್ಪಿಗೆ ಪಡೆಯಲಾಯಿತು. ಚೀಲದ ಜಾಗವನ್ನು ಕುಳಿತಾಗ, ನಿಂತಾಗ ನೋಡಿ, ಸೀರೆಯ ನೆರಿಗೆ ಬೀಳುವ ಗೆರೆ ತಪ್ಪಿಸಿ ಗುರುತು ಹಾಕಿದ್ದಾರೆ.

ರಾತ್ರಿ 10ರ ನಂತರ ಊಟವಿಲ್ಲ. 5.30ಕ್ಕೆ ಎರಡು ಗುಟುಕು ನೀರಿನೊಂದಿಗೆ ಅಮ್ಲೋಡಿಪಿನ್ ಕೊಟ್ಟಿದೆ, ಮೆಟ್‌ಫಾರ್ಮಿನ್ ಕೊಟ್ಟಿಲ್ಲ. ಸಕ್ಕರೆ 148. ಎಲೆ ಅಡಿಕೆಯ ಬಗ್ಗೆ ಬೇರೆಯಾಗಿಯೇ ಕೇಳಿದೆ. ಈ ಕಡೆ ಅದನ್ನು ಯಾರೂ ತಿನ್ನುವುದರ ಲೆಕ್ಕಕ್ಕೆ ಸೇರಿಸುವುದಿಲ್ಲ. 5 ಗಂಟೆಗೆ ಹೊಗೆಸೊಪ್ಪು ಸೇರಿಸಿ ಜಗಿದು ಉಗುಳಿದ್ದಾರೆ. ಬಾಯಿ ತೆರೆಸಿದರೆ ಎರಡು ಬೆರಳು ಕಷ್ಟದಲ್ಲಿ ಹೋಗುತ್ತವೆ, ಕೆನ್ನೆಯ ಒಳಭಾಗ ಬಿಗಿದಿದೆ, ಮೇಲಿನ ಒಂದು ಹಲ್ಲು ಅಲುಗಾಡುತ್ತಿದೆ. ಅರಿವಳಿಕೆ ವೈದ್ಯರಿಗೆ 6.55ಕ್ಕೆ ತಿಳಿಸಿದೆ. ಅವರು ಬಂದು ನೋಡಿ, ವಿಡಿಯೋ ಲ್ಯಾರಿಂಗೋಸ್ಕೋಪ್ ಸಿದ್ಧವಿಡಲು ಹೇಳಿದರು. ಬಾಯಿ ಮುಕ್ಕಳಿಸಿ, ಅಡಿಕೆ ಚೂರು ಉಳಿದಿಲ್ಲವೆಂದು ನೋಡಿದ್ದೇನೆ.

ಕರಿಮಣಿ, ಓಲೆ ಮಗಳ ಕೈಯಲ್ಲಿ. ಬರಿ ಕುತ್ತಿಗೆಗೆ ಒಪ್ಪಲಿಲ್ಲ, ಅರಿಶಿನದ ನೂಲು ಕಟ್ಟಿಕೊಂಡಿದ್ದಾರೆ, ಲೋಹವಿಲ್ಲ, ಸಡಿಲವಾಗಿದೆ. ಕೂದಲು ಕ್ಲಿಪ್ಪರಿನಿಂದ ತೆಗೆದಿದೆ. ಎನಾಕ್ಸಾಪಾರಿನ್ 40 ಮಿ.ಗ್ರಾಂ ನಿನ್ನೆ ರಾತ್ರಿ 8ಕ್ಕೆ. ಎರಡು ಯೂನಿಟ್ ರಕ್ತ ಸಿದ್ಧ.

ಶಸ್ತ್ರಕ್ರಿಯಾ ಕೊಠಡಿ

8.35ಕ್ಕೆ ಮೊದಲ ಹಂತದ ತಪಾಸಣೆ. 8.45ಕ್ಕೆ ಎಪಿಡ್ಯೂರಲ್, ನಂತರ ಪೂರ್ಣ ಅರಿವಳಿಕೆ. ಸೆಫ್ಯುರಾಕ್ಸಿಮ್ 1.5 ಗ್ರಾಂ, ಮೆಟ್ರೊನಿಡಜೋಲ್ 500 ಮಿ.ಗ್ರಾಂ 9 ಗಂಟೆಗೆ; ಚರ್ಮ ಕೊಯ್ದದ್ದು 9.35ಕ್ಕೆ.

ಭಂಗಿ: ಬೆನ್ನ ಮೇಲೆ ಮಲಗಿಸಿ, ಎರಡೂ ಕಾಲು ಆಸರೆಯಲ್ಲಿ ಎತ್ತಿ ಅಗಲಿಸಿದೆ. ಎಡ ಮೊಣಕಾಲಿನಲ್ಲಿ ಹಳೆಯ ನೋವಿದೆ. ಎಷ್ಟು ಅಗಲಿಸಿದರೆ ನೋಯುತ್ತದೆ ಎಂದು ಎಚ್ಚರವಿರುವಾಗಲೇ ನೋಡಿಕೊಂಡೆವು. ಮಲಗಿದ ಮೇಲೆ ಕೀಲು ದೂರು ಹೇಳುವುದಿಲ್ಲ. ಇಬ್ಬರು ಸೇರಿ ಎರಡೂ ಕಾಲನ್ನು ಒಟ್ಟಿಗೆ ಎತ್ತಿದೆವು. ಮೊಣಕಾಲಿನ ಹೊರಬದಿಯ ಎಲುಬಿನ ಗುಬುಟಿಗೆ, ಹಿಮ್ಮಡಿಗೆ, ಟೊಂಕದ ಕೆಳಗೆ ಜೆಲ್ ಮೆತ್ತೆ. ಮೀನಖಂಡದ ಮೇಲೆ ಭಾರ ಬಿದ್ದಿಲ್ಲ. ಬಲಗೈ ಹಲಗೆಯ ಮೇಲೆ, 90 ಡಿಗ್ರಿಗಿಂತ ಕಡಿಮೆ. ಎಡಗೈ ಪಕ್ಕದಲ್ಲಿ, ಅಂಗೈ ತೊಡೆಯ ಕಡೆಗೆ. ಡಯಾಥರ್ಮಿ ಫಲಕ ಬಲ ತೊಡೆಗೆ. ತಲೆ ತಗ್ಗಿಸಿದ್ದು 10.10ರಿಂದ 11.40ರವರೆಗೆ, ಆಮೇಲೆ ಭುಜ, ಕಣ್ಣಿನ ಪಟ್ಟಿ ಮತ್ತೆ ನೋಡಿದೆ, ಜಾರಿಲ್ಲ.

ಕರುಳು ಜೋಡಣೆಯಾಗಿದೆ, ಚೀಲದ ಅಗತ್ಯ ಬೀಳಲಿಲ್ಲ. ರಕ್ತಸ್ರಾವ ಸುಮಾರು 300 ಮಿ.ಲೀ. ಬಟ್ಟೆ, ಸೂಜಿ, ಉಪಕರಣಗಳ ಎಣಿಕೆ ಸರಿಯಿದೆ. ಕಾಲು ಇಳಿಸುವಾಗ ರಕ್ತದೊತ್ತಡ 118/70ರಿಂದ 96/58ಕ್ಕೆ ಇಳಿಯಿತು. ಅಲ್ಲಿಗೇ ನಿಲ್ಲಿಸಿ, ದ್ರವ ಕೊಟ್ಟು, ಏರಿದ ಮೇಲೆ ಉಳಿದಷ್ಟು ಇಳಿಸಿದೆವು.

ಮಧ್ಯಾಹ್ನ 12.40, ಚೇತರಿಕೆ ಕೊಠಡಿ

ಕರೆದರೆ ಕಣ್ಣು ಬಿಡುತ್ತಾರೆ. ನಾಡಿ 88, ರಕ್ತದೊತ್ತಡ 112/68, ಉಸಿರು 14, ಮಾಸ್ಕ್‌ನಲ್ಲಿ ಆಮ್ಲಜನಕ ಪ್ರಮಾಣ 98%. ದೇಹದ ಉಷ್ಣತೆ 35.6 ಡಿಗ್ರಿ, ಬಿಸಿಗಾಳಿಯ ಹೊದಿಕೆ ಹಾಕಿದೆ. ತುಟಿ, ನಾಲಿಗೆ ಎರಡೂ ಎಲೆಯಡಿಕೆಯಿಂದ ಕೆಂಪಾಗಿವೆ. ಬಣ್ಣ ನೋಡಿ ಆಮ್ಲಜನಕ ಅಂದಾಜು ಮಾಡಬಾರದು, ಆಕ್ಸಿಮೀಟರನ್ನೇ ನಂಬಬೇಕು. ಡ್ರೆಸ್ಸಿಂಗ್ ಒಣಗಿದೆ. ಡ್ರೈನ್‌ನಲ್ಲಿ 40 ಮಿ.ಲೀ., ತಿಳಿಗೆಂಪು.

1.40: ಒಂದು ಗಂಟೆಯ ಮೂತ್ರ 12 ಮಿ.ಲೀ. ಮಾತ್ರ, ಕನಿಷ್ಠ 27 ಬೇಕು. ನಾಡಿ 86, ಹೊಟ್ಟೆ ಮೃದು, ಡ್ರೈನ್ ಹೆಚ್ಚಿಲ್ಲ. ಮೂತ್ರದ ನಳಿಕೆಯನ್ನು ಕೈಯಿಂದ ಸವರುತ್ತಾ ಹೋದಾಗ ಎಡ ತೊಡೆಯ ಕೆಳಗೆ ಮಡಚಿತ್ತು. ಬಿಡಿಸಿದ ತಕ್ಷಣ 35 ಮಿ.ಲೀ. ಇಳಿಯಿತು. ವೈದ್ಯರಿಗೆ ತಿಳಿಸಿದೆ, ಹೆಚ್ಚುವರಿ ದ್ರವ ಬೇಡವೆಂದರು.

2.15: ನೋವು ಮಲಗಿದಾಗ 2, ಕೆಮ್ಮಿದಾಗ 4. ಪಾದ ಎರಡೂ ಸಮನಾಗಿ ಮೇಲಕ್ಕೆತ್ತುತ್ತಾರೆ. ಎಡ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಸ್ಪರ್ಶ ಸ್ವಲ್ಪ ಮಂದ. ಎಪಿಡ್ಯೂರಲ್‌ನಿಂದಲೂ ಇರಬಹುದು, ನರದ ಒತ್ತಡದಿಂದಲೂ ಇರಬಹುದು. ಅರಿವಳಿಕೆ ವೈದ್ಯರು ನೋಡಿದ್ದಾರೆ. ಎಪಿಡ್ಯೂರಲ್ ಇರುವಷ್ಟು ಹೊತ್ತು ಮೀನಖಂಡದ ನೋವೂ ಮರೆಯಾಗುತ್ತದೆ. ‘ನೋವಿದೆಯೇ’ ಎಂದು ಕೇಳಿ ಬಿಡದೆ ಎರಡೂ ಮೀನಖಂಡ ಒತ್ತಿ ನೋಡಬೇಕು. ಈಗ ಮೃದುವಾಗಿವೆ.

3.00, ಹಸ್ತಾಂತರ

ಉಷ್ಣತೆ 36.4. ಪಾದ ಮತ್ತು ಮೀನಖಂಡ ಗಂಟೆಗೊಮ್ಮೆ; ಪಾದ ಎತ್ತಲಾಗದಿದ್ದರೆ, ಮೀನಖಂಡ ಬಿಗಿದರೆ ತಕ್ಷಣ ಕರೆಯಬೇಕು. ನಾಡಿ 110 ದಾಟಿದರೆ, ಮೇಲಿನ ಒತ್ತಡ 90ಕ್ಕಿಂತ ಇಳಿದರೆ, ಉಸಿರು 10ಕ್ಕಿಂತ ಕಡಿಮೆಯಾದರೆ, ಡ್ರೈನ್ ಕಡುಗೆಂಪಾದರೆ ಸಹ. ಎನಾಕ್ಸಾಪಾರಿನ್ ರಾತ್ರಿ 8ಕ್ಕೆ. ಆ ಡೋಸ್ ಆಗಿ 12 ಗಂಟೆ ಕಳೆಯದೆ ಎಪಿಡ್ಯೂರಲ್ ನಳಿಕೆ ತೆಗೆಯಬಾರದು.