ಸೋಮವಾರದಿಂದ ಮೂರು ಶಿಫ್ಟ್

ಎಲ್ಲರಿಗೂ ನಮಸ್ಕಾರ. ಟೀ ಆರುವ ಮೊದಲು ಮುಗಿಸುತ್ತೇನೆ.

ಸೋಮವಾರದಿಂದ ನಮ್ಮ ಮೋಲ್ಡಿಂಗ್ ಯೂನಿಟ್ ಮೂರು ಶಿಫ್ಟ್‌ನಲ್ಲಿ ನಡೆಯುತ್ತದೆ. ಆರ್ಡರ್ ಜಾಸ್ತಿಯಾಗಿದೆ, ಅದು ಒಂದು ಕಾರಣ. ಇನ್ನೊಂದು ನಿಮಗೇ ಗೊತ್ತು. ರಾತ್ರಿ 10ಕ್ಕೆ ಮೆಷಿನ್ ನಿಲ್ಲಿಸುತ್ತೇವೆ. ಬೆಳಿಗ್ಗೆ ಬ್ಯಾರೆಲ್ ಬಿಸಿಯಾಗೋಕೆ ಮುಕ್ಕಾಲು ಗಂಟೆ. ಆಮೇಲೆ ಬರುವ ಮೊದಲ 30-40 ಪೀಸ್ ಮೇಲೆ ಕರಿ ಚುಕ್ಕೆ, ಸೀದಾ ಸ್ಕ್ರ್ಯಾಪ್ ಡಬ್ಬಕ್ಕೆ. ದಿನಾ ಇದೇ ಗೋಳು, ಅಲ್ವಾ? ಮೆಷಿನ್ ಓಡುತ್ತಲೇ ಇದ್ದರೆ ಈ ಕಾಟ ಇರುವುದಿಲ್ಲ.

ಹೊಸದಾಗಿ 14 ಜನ ಬರುತ್ತಾರೆ. ಆದರೂ ಮೂರು ವಾರಕ್ಕೊಮ್ಮೆ ನಿಮಗೂ ನೈಟ್ ಬೀಳುತ್ತದೆ. ಓಟಿ ಕಡಿಮೆಯಾಗುತ್ತದೆ, ಸುಮ್ನೆ ಮುಚ್ಚಿಡುವುದಿಲ್ಲ. ನೈಟ್ ಭತ್ಯೆ, ಊಟ, ಬೆಳಿಗ್ಗೆ 6:15ಕ್ಕೆ ಬಸ್ಸು ಇರುತ್ತದೆ. ಮನೆಯಲ್ಲಿ ತೊಂದರೆ ಇರುವವರು ಶುಕ್ರವಾರದೊಳಗೆ ನನಗೆ ಹೇಳಿ. ರೋಟಾ ಇನ್ನೂ ಪೆನ್ಸಿಲ್‌ನಲ್ಲೇ ಬರೆದಿದ್ದೇನೆ.